‘ಉತ್ತರ ಬಿ’ ಅನ್ನುವ ಮೊದಲು ಪ್ರಶ್ನೆ ಸರಿಯಿದೆಯಾ ನೋಡಿ

ವಿಜಯನಗರ, ಅತ್ತಿಗುಪ್ಪೆ, ಚಂದ್ರಾ ಲೇಔಟ್ ಸುತ್ತಮುತ್ತ ಸ್ಪರ್ಧಾತ್ಮಕ ಪರೀಕ್ಷೆಯ ದಿನ ಒಂದು ಕೆಲಸ ತಪ್ಪದೆ ನಡೆಯುತ್ತದೆ. ಪರೀಕ್ಷೆ ಮುಗಿದು ಅರ್ಧ ಗಂಟೆ ಆಗುವಷ್ಟರಲ್ಲಿ ಪ್ರಶ್ನೆಪತ್ರಿಕೆಯ ಫೋಟೊಗಳು ಟೆಲಿಗ್ರಾಂ ಗ್ರೂಪುಗಳಿಗೆ ಬಂದು ಬೀಳುತ್ತವೆ. ‘ಸರ್, 47ಕ್ಕೆ ಏನು?’ ಅಂತ ಒಬ್ಬರು ಕೇಳುತ್ತಾರೆ. ಹತ್ತು ಸೆಕೆಂಡಿನಲ್ಲಿ ‘ಬಿ’ ಅಂತ ಉತ್ತರ ಬರುತ್ತದೆ. ಇನ್ನೊಬ್ಬರು ‘ಸಿ ಅಲ್ವಾ ಸರ್?’ ಅನ್ನುತ್ತಾರೆ. ‘ಬಿ ಫಿಕ್ಸ್’ ಅಂತ ಮತ್ತೆ ಉತ್ತರ. ಅಲ್ಲಿಗೆ ಮಾತು ಮುಗಿಯಿತು. ಸಂಜೆಯೊಳಗೆ ನೂರಕ್ಕೆ ನೂರು ಪ್ರಶ್ನೆಗಳ ಕೀ ಉತ್ತರ ಸಿದ್ಧ. ಕೋಚಿಂಗ್ ಸೆಂಟರಿನ ಹೆಸರು, ಫೋನ್ ನಂಬರ್, ಮುಂದಿನ ಬ್ಯಾಚಿನ ದಿನಾಂಕದ ಸಮೇತ.

ಈ ನೂರಕ್ಕೆ ನೂರರ ಬಗ್ಗೆಯೇ ನಮ್ಮ ತಕರಾರು. ಕರ್ನಾಟಕದಲ್ಲಿ ಇತ್ತೀಚಿನ ವರ್ಷಗಳಲ್ಲಿ ನಡೆದ ಪರೀಕ್ಷೆಗಳನ್ನು ನೋಡಿದವರಿಗೆ ನೂರು ಪ್ರಶ್ನೆಯೂ ಸರಿಯಾಗಿಯೇ ಇರುತ್ತವೆ ಎಂಬ ನಂಬಿಕೆ ಉಳಿದಿರುವುದು ಕಷ್ಟ. ಹೀಗಿದ್ದೂ ಯಾವ ಕೀ ಉತ್ತರದಲ್ಲೂ ಒಂದು ಖಾಲಿ ಜಾಗ ಕಾಣುವುದಿಲ್ಲ. ‘ಈ ಪ್ರಶ್ನೆಯಲ್ಲೇ ದೋಷವಿದೆ, ಇದಕ್ಕೆ ಒಂದು ಅಕ್ಷರ ಹೇಳಲು ಬರುವುದಿಲ್ಲ’ ಎಂಬ ಒಂದು ಸಾಲೂ ಕಾಣುವುದಿಲ್ಲ. ಪ್ರಶ್ನೆ ತಪ್ಪಾಗಿದ್ದರೂ ಅದಕ್ಕೊಂದು ಅಕ್ಷರ ಅಂಟಿಸಿ ಕಳಿಸುವುದನ್ನೇ ಇಲ್ಲಿ ವಿದ್ವತ್ತು ಅಂದುಕೊಂಡಿದ್ದಾರೆ. ನಾವು ಅದನ್ನು ವಿದ್ವತ್ತು ಎಂದು ಒಪ್ಪುವುದಿಲ್ಲ. ಅದು ಅಭ್ಯರ್ಥಿಗೆ ಮಾಡುವ ಅನ್ಯಾಯ. ಯಾಕೆ ಅಂತ ಬಿಡಿಸಿ ಹೇಳುತ್ತೇವೆ.

ಎರಡು ಸಲ ಬರೆದ ಒಂದು ಪರೀಕ್ಷೆ

ಮೊದಲು ಎಲ್ಲರಿಗೂ ಗೊತ್ತಿರುವ ಕಥೆ. ಕೆಪಿಎಸ್‌ಸಿ 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ಪೂರ್ವಭಾವಿ ಪರೀಕ್ಷೆ ನಡೆಸಿತು. ಕನ್ನಡ ಪ್ರಶ್ನೆಗಳ ಅನುವಾದ ಎಷ್ಟು ಕೆಟ್ಟದಾಗಿತ್ತೆಂದರೆ ಕನ್ನಡದಲ್ಲಿ ಓದಿದವರು ಪ್ರಶ್ನೆ ಅರ್ಥವಾಗಲು ಇಂಗ್ಲಿಷ್ ನೋಡಬೇಕಾಯಿತು. ಅಭ್ಯರ್ಥಿಗಳು ಬೀದಿಗಿಳಿದರು, ಸಾಹಿತಿಗಳು, ಕನ್ನಡ ಸಂಘಟನೆಗಳು ದನಿಗೂಡಿಸಿದವು. ಸೆಪ್ಟೆಂಬರ್ ಮೊದಲ ವಾರದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಮರುಪರೀಕ್ಷೆಗೆ ಸೂಚಿಸಿದರು. ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಯಿತು. ಅದರಲ್ಲೂ ಅನುವಾದದ ತಪ್ಪುಗಳಿವೆ ಎಂದು ಅಭ್ಯರ್ಥಿಗಳು ಮತ್ತೆ ಬೀದಿಗೆ ಬಂದರು.

ಈ ಕಥೆಯನ್ನು ಆಯೋಗವನ್ನು ಬೈಯಲು ಎಲ್ಲರೂ ಬಳಸಿದ್ದಾರೆ. ಬೈಯಲಿ, ತಪ್ಪಿಲ್ಲ. ಆದರೆ ಇದರಲ್ಲಿ ನಮ್ಮ ಕಡೆಗೂ ಒಂದು ಪಾಠವಿದೆ. ಆ ಪರೀಕ್ಷೆ ಮತ್ತೊಮ್ಮೆ ನಡೆದದ್ದು ಯಾರೋ ‘ಬಿ’ ಎಂದು ಹೇಳಿದ್ದರಿಂದಲ್ಲ. ಪ್ರಶ್ನೆಯ ಫೋಟೊ ಮುಂದೆ ಇಟ್ಟುಕೊಂಡು, ಈ ವಾಕ್ಯಕ್ಕೆ ಅರ್ಥವೇ ಇಲ್ಲ, ಇಂಗ್ಲಿಷಿನಲ್ಲಿ ಕೇಳಿದ್ದು ಬೇರೆ, ಕನ್ನಡದಲ್ಲಿ ಕೇಳಿದ್ದು ಬೇರೆ ಎಂದು ಪ್ರಶ್ನೆ ಸಂಖ್ಯೆ ಸಮೇತ ಬಿಡಿಸಿ ತೋರಿಸಿದವರಿಂದ. ಅದೇ ದಿನ ಅದೇ ಪ್ರಶ್ನೆಗಳಿಗೆ ನೂರಕ್ಕೆ ನೂರು ಕೀ ಬಿಟ್ಟವರ ಪಾಲು ಅದರಲ್ಲಿ ಏನೂ ಇಲ್ಲ.

ಬಲ್ಲವರು ಮಾಡುವ ರಿಪೇರಿ

ತಪ್ಪು ಪ್ರಶ್ನೆಗೂ ಅಕ್ಷರ ಹೇಗೆ ಸಿಗುತ್ತದೆ? ಇದನ್ನು ಅರ್ಥ ಮಾಡಿಕೊಳ್ಳದೆ ಮುಂದಿನ ಮಾತು ಪ್ರಯೋಜನವಿಲ್ಲ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಇದು ಯಾವ ಪತ್ರಿಕೆಯದ್ದೂ ಅಲ್ಲ, ವಿಷಯ ಸ್ಪಷ್ಟವಾಗಲಿ ಅಂತ ನಾವೇ ಕಟ್ಟಿದ್ದು.

‘ಕೆಳಗಿನವುಗಳಲ್ಲಿ ಯಾವುದು ಮೂಲಭೂತ ಹಕ್ಕು? ಎ) ಸಮಾನತೆಯ ಹಕ್ಕು ಬಿ) ಆಸ್ತಿಯ ಹಕ್ಕು ಸಿ) ಧಾರ್ಮಿಕ ಸ್ವಾತಂತ್ರ್ಯದ ಹಕ್ಕು ಡಿ) ಸಂವಿಧಾನಾತ್ಮಕ ಪರಿಹಾರದ ಹಕ್ಕು.’

ಈ ಫೋಟೊ ನೋಡಿದ ಯಾವ ಮೇಷ್ಟ್ರೂ ಕಣ್ಣು ಮಿಟುಕಿಸದೆ ‘ಬಿ’ ಅನ್ನುತ್ತಾರೆ. ಯಾಕೆಂದರೆ ಅವರಿಗೆ ಸಂವಿಧಾನ ಗೊತ್ತು. 1978ರ 44ನೇ ತಿದ್ದುಪಡಿ ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆಯಿತು, ಈಗ ಅದು 300ಎ ವಿಧಿಯ ಅಡಿ ಬರುವ ಬರೀ ಕಾನೂನಿನ ಹಕ್ಕು. ನಾಲ್ಕರಲ್ಲಿ ಬೇರೆ ಜಾತಿಗೆ ಸೇರಿದ್ದು ಅದೊಂದೇ. ಹಾಗಾಗಿ ‘ಹಕ್ಕಲ್ಲ’ ಎಂದು ಕೇಳಬೇಕಿತ್ತು, ‘ಅಲ್ಲ’ ಬಿಟ್ಟುಹೋಗಿದೆ ಎಂದು ಅವರ ತಲೆ ತನ್ನಷ್ಟಕ್ಕೆ ತಾನೇ ಊಹಿಸಿ, ಪ್ರಶ್ನೆಯನ್ನು ರಿಪೇರಿ ಮಾಡಿ, ರಿಪೇರಿಯಾದ ಪ್ರಶ್ನೆಗೆ ಉತ್ತರ ಕೊಟ್ಟುಬಿಡುತ್ತದೆ. ಎಷ್ಟೋ ಸಲ ಆ ‘ಅಲ್ಲ’ ಇಲ್ಲ ಅನ್ನುವುದು ಅವರ ಗಮನಕ್ಕೂ ಬಂದಿರುವುದಿಲ್ಲ.

ಅಭ್ಯರ್ಥಿ ಬರೆದದ್ದು ಮಾತ್ರ ರಿಪೇರಿಯಾದ ಪ್ರಶ್ನೆಗಲ್ಲ. ಅಚ್ಚಾದ ಪ್ರಶ್ನೆಗೆ. ಅಚ್ಚಾದ ಪ್ರಶ್ನೆಗೆ ಎ, ಸಿ, ಡಿ ಮೂರೂ ಸರಿಯುತ್ತರ, ತಪ್ಪಾಗಿರುವುದು ಬಿ ಒಂದೇ. ಕನ್ನಡದಲ್ಲಿ ಓದಿ, ಕೇಳಿದ್ದಕ್ಕೆ ಸರಿಯಾಗಿ ‘ಎ’ ತುಂಬಿ ಬಂದ ಸಿಂಧನೂರಿನ ಹುಡುಗಿಗೆ ಏನಾಗುತ್ತದೆ ನೋಡಿ. ಕೆಎಎಸ್ ಪೂರ್ವಭಾವಿಯಲ್ಲಿ ಒಂದು ಪತ್ರಿಕೆಗೆ 100 ಪ್ರಶ್ನೆ, 200 ಅಂಕ. ಅಂದರೆ ಪ್ರಶ್ನೆಗೆ 2 ಅಂಕ. ತಪ್ಪಿಗೆ ನಾಲ್ಕನೇ ಒಂದು ಭಾಗ, ಅಂದರೆ ಅರ್ಧ ಅಂಕ ಕಡಿತ. ಸರಿಯಾಗಿ ಓದಿದ್ದಕ್ಕೆ ಅವಳಿಗೂ ‘ಬಿ’ ತುಂಬಿದವರಿಗೂ ನಡುವೆ ಎರಡೂವರೆ ಅಂಕದ ಅಂತರ ಬಿತ್ತು. ಕಟ್ ಆಫ್ ಹತ್ತಿರ ಎರಡೂವರೆ ಅಂಕದೊಳಗೆ ಎಷ್ಟು ಜನ ನಿಂತಿರುತ್ತಾರೆ ಎನ್ನುವುದು ಆ ಸಾಲಿನಲ್ಲಿ ನಿಂತವರಿಗೇ ಗೊತ್ತು.

ಈಗ ಅವಳು ಗ್ರೂಪಿಗೆ ಫೋಟೊ ಹಾಕಿ ಕೇಳುತ್ತಾಳೆ. ‘ಬಿ’ ಅಂತ ಉತ್ತರ ಬರುತ್ತದೆ. ಅವಳಿಗೆ ಅರ್ಥವಾಗುವುದು ಏನು? ‘ನನಗೆ ಸಂವಿಧಾನ ಬರುವುದಿಲ್ಲ’ ಎಂದು. ಆಯೋಗದ ತಪ್ಪು ಅವಳ ತಪ್ಪಾಗಿ ಬದಲಾಯಿತು. ಅದನ್ನು ಬದಲಾಯಿಸಿದ್ದು ಆಯೋಗ ಅಲ್ಲ, ಮಧ್ಯದಲ್ಲಿ ನಿಂತು ಅಕ್ಷರ ಹೇಳಿದವರು. ಅವಳು ಆಕ್ಷೇಪಣೆ ಸಲ್ಲಿಸುವುದಿಲ್ಲ. ಸಲ್ಲಿಸಬಹುದು ಅನ್ನುವ ಯೋಚನೆಯೇ ಅವಳಿಗೆ ಬರುವುದಿಲ್ಲ.

ಒಂದು ಶಬ್ದ, ಎರಡು ಅರ್ಥ

ಮೇಲಿನದ್ದು ಕಣ್ಣಿಗೆ ಕಾಣುವ ತಪ್ಪು. ಕಾಣದ ತಪ್ಪು ಇನ್ನೂ ಅಪಾಯ. ‘ಕರ್ನಾಟಕ ರಾಜ್ಯ ಅಸ್ತಿತ್ವಕ್ಕೆ ಬಂದ ವರ್ಷ ಯಾವುದು?’ ಎಂದು ಕೇಳಿ, ಆಯ್ಕೆಗಳಲ್ಲಿ 1956 ಮತ್ತು 1973 ಎರಡನ್ನೂ ಕೊಟ್ಟರೆ ಏನು ಮಾಡುತ್ತೀರಿ? ಕನ್ನಡ ಮಾತಾಡುವ ಪ್ರದೇಶಗಳು ಒಂದಾಗಿ ರಾಜ್ಯವಾದದ್ದು 1956ರ ನವೆಂಬರ್ 1ರಂದು, ಆದರೆ ಆಗ ಅದರ ಹೆಸರು ಮೈಸೂರು. ‘ಕರ್ನಾಟಕ’ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ರಾಜ್ಯ ಅಂದರೆ ಪ್ರದೇಶ ಎಂದುಕೊಂಡವರಿಗೆ 1956 ಸರಿ, ಆ ಹೆಸರಿನ ರಾಜ್ಯ ಎಂದುಕೊಂಡವರಿಗೆ 1973 ಸರಿ. ಎರಡೂ ಕಡೆಯವರು ಇತಿಹಾಸ ಚೆನ್ನಾಗಿ ಬಲ್ಲವರೇ. ಇಲ್ಲಿ ‘1956 ಫಿಕ್ಸ್’ ಎಂದು ಹೇಳುವವರಿಗೆ ಉಳಿದವರಿಗಿಂತ ಹೆಚ್ಚು ಗೊತ್ತಿದೆ ಎಂದಲ್ಲ. ಪ್ರಶ್ನೆ ಕೇಳಿದವರ ಮನಸ್ಸಿನಲ್ಲಿ ಏನಿತ್ತು ಎಂದು ಊಹೆ ಮಾಡುತ್ತಿದ್ದಾರೆ ಅಷ್ಟೆ. ಊಹೆಯನ್ನು ಊಹೆ ಅಂತ ಹೇಳಿದರೆ ನಮ್ಮದೇನೂ ತಕರಾರಿಲ್ಲ.

ಇದು ಹಳ್ಳಿ ಹುಡುಗರ ಪರೀಕ್ಷೆಗಳಲ್ಲಿ ಮಾತ್ರ ಆಗುವ ತಪ್ಪು ಎಂದುಕೊಳ್ಳಬೇಡಿ. 2024ರ ನೀಟ್ ಪರೀಕ್ಷೆಯ ಭೌತಶಾಸ್ತ್ರದ ಒಂದೇ ಒಂದು ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಎರಡು ಹೇಳಿಕೆಗಳನ್ನು ಕೊಟ್ಟು ಯಾವುದು ಸರಿ ಎಂದು ಕೇಳಿದ್ದರು. ಮೊದಲನೆಯದು, ಪರಮಾಣುವಿನಲ್ಲಿ ಧನ ಮತ್ತು ಋಣ ವಿದ್ಯುದಂಶಗಳು ಸಮವಾಗಿರುವುದರಿಂದ ಅದು ವಿದ್ಯುತ್ ತಟಸ್ಥ ಎಂದು. ಅದರಲ್ಲಿ ಜಗಳವಿಲ್ಲ. ಎರಡನೆಯದು, ಪ್ರತಿಯೊಂದು ಧಾತುವಿನ ಪರಮಾಣುಗಳೂ ಸ್ಥಿರವಾಗಿದ್ದು ತಮ್ಮದೇ ವಿಶಿಷ್ಟ ರೋಹಿತವನ್ನು ಹೊಮ್ಮಿಸುತ್ತವೆ ಎಂದು. ಜಗಳ ಹುಟ್ಟಿದ್ದು ಇಲ್ಲಿ. ರೇಡಿಯಂ, ಯುರೇನಿಯಂಗಳಂಥ ವಿಕಿರಣಶೀಲ ಧಾತುಗಳ ಪರಮಾಣುಗಳು ತಾವಾಗಿಯೇ ಒಡೆಯುತ್ತವೆ, ಹಾಗಾಗಿ ‘ಪ್ರತಿಯೊಂದು’ ಎನ್ನುವುದು ತಪ್ಪು. ಆದರೆ ಅದೇ ಪಾಠದಲ್ಲಿ ‘ಸ್ಥಿರ’ ಎಂಬ ಶಬ್ದ ಎಲೆಕ್ಟ್ರಾನು ಸುತ್ತುತ್ತಾ ನ್ಯೂಕ್ಲಿಯಸ್ಸಿಗೆ ಬೀಳದೆ ಉಳಿಯುವುದಕ್ಕೂ ಬಳಕೆಯಾಗುತ್ತದೆ. ಎನ್‌ಸಿಇಆರ್‌ಟಿಯ ಹಳೆಯ ಪುಸ್ತಕ ಇಟ್ಟುಕೊಂಡು ಓದಿದವರಿಗೆ ಎರಡೂ ಹೇಳಿಕೆ ಸರಿ, ಹೊಸ ಪುಸ್ತಕ ಓದಿದವರಿಗೆ ಎರಡನೆಯದು ತಪ್ಪು.

ಎನ್‌ಟಿಎ ಎರಡು ಉತ್ತರಕ್ಕೂ ಅಂಕ ಕೊಟ್ಟಿತು. ಅದರಿಂದಲೇ 44 ಮಂದಿ 720ಕ್ಕೆ 720 ಪಡೆದರು. ಕೊನೆಗೆ ಕೋರ್ಟು ದೆಹಲಿ ಐಐಟಿಯ ನಿರ್ದೇಶಕರಿಗೆ ಮೂವರು ತಜ್ಞರನ್ನು ನೇಮಿಸಲು ಹೇಳಿತು. ಅವರು ನಾಲ್ಕನೇ ಆಯ್ಕೆ, ಅಂದರೆ ಮೊದಲನೆಯದು ಸರಿ ಎರಡನೆಯದು ತಪ್ಪು ಎಂಬುದೊಂದೇ ಸರಿ ಎಂದರು. ಎರಡನೇ ಆಯ್ಕೆ ತುಂಬಿದ್ದ 4 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಆ ಪ್ರಶ್ನೆಯ 4 ಅಂಕ ಹೋಯಿತು, ತಪ್ಪುತ್ತರಕ್ಕೆ ಇನ್ನೊಂದು ಅಂಕ ಕಡಿತವಾಯಿತು. ಪೂರ್ಣಾಂಕ ಪಡೆದವರು 61ರಿಂದ 17ಕ್ಕೆ ಇಳಿದರು.

ಈ ಪ್ರಕರಣದಲ್ಲಿ ಕೊನೆಗೆ ಒಂದೇ ಉತ್ತರ ಉಳಿಯಿತಲ್ಲ, ಹಾಗಾದರೆ ‘4’ ಎಂದು ಮೊದಲೇ ಹೇಳಿದವರು ಗೆದ್ದರಲ್ಲ ಎಂದು ಯಾರಾದರೂ ಕೇಳಬಹುದು. ನಾವು ಹಾಗೆ ನೋಡುವುದಿಲ್ಲ. ಪರೀಕ್ಷೆಯ ಮರುದಿನ ಒಬ್ಬ ಒಳ್ಳೆಯ ಮೇಷ್ಟ್ರು ಹೇಳಬೇಕಾಗಿದ್ದುದು ಇಷ್ಟು: ‘ಕಟ್ಟುನಿಟ್ಟಾಗಿ ನೋಡಿದರೆ 4. ಆದರೆ ಹಳೆಯ ಪುಸ್ತಕದ ವಾಕ್ಯದ ಪ್ರಕಾರ 2 ಎಂದು ವಾದಿಸಬಹುದು. ಇದು ವಿವಾದವಾಗುವ ಪ್ರಶ್ನೆ, ನಿಮ್ಮ ಅಂಕ ಲೆಕ್ಕ ಹಾಕುವಾಗ ಇದನ್ನು ಪಕ್ಕಕ್ಕಿಡಿ.’ ಹೀಗೆ ಕೇಳಿಸಿಕೊಂಡ ಮಗುವಿಗೆ ಜುಲೈನಲ್ಲಿ ಐದು ಅಂಕ ಇಳಿದಾಗ ನೆಲ ಕುಸಿದಂತೆ ಆಗುತ್ತಿರಲಿಲ್ಲ.

ಫೋಟೊ ತೋರಿಸದ್ದು

ಫೋಟೊದ್ದೇ ಒಂದು ಬೇರೆ ಸಮಸ್ಯೆ. ದ್ವಿಭಾಷಾ ಪತ್ರಿಕೆಯಲ್ಲಿ ಕನ್ನಡ ಒಂದು ಕಡೆ, ಇಂಗ್ಲಿಷ್ ಇನ್ನೊಂದು ಕಡೆ ಇರುತ್ತದೆ. ಹುಡುಗರು ತಮಗೆ ಬೇಕಾದ ಅರ್ಧವನ್ನಷ್ಟೇ ಕ್ರಾಪ್ ಮಾಡಿ ಹಾಕುತ್ತಾರೆ. ಪ್ರಶ್ನೆಯ ಮೇಲಿನ ‘ಕೆಳಗಿನ ಹೇಳಿಕೆಗಳನ್ನು ಪರಿಗಣಿಸಿ’ ಎಂಬ ಸಾಲು ಹಿಂದಿನ ಪುಟದಲ್ಲಿ ಉಳಿದಿರುತ್ತದೆ. ಕೆಲವು ಸಲ ಕೊನೆಯ ಆಯ್ಕೆಯೇ ಬೆರಳಿನಡಿ ಮುಚ್ಚಿಹೋಗಿರುತ್ತದೆ. ಬುಕ್‌ಲೆಟ್ಟಿನ ಸೀರೀಸ್ ಯಾವುದು ಎಂದು ಕಾಣುವುದಿಲ್ಲ. ಸೀರೀಸ್ ಬದಲಾದರೆ ಪ್ರಶ್ನೆಯ ಸಂಖ್ಯೆ ಬದಲಾಗುತ್ತದೆ, ಒಬ್ಬರ 47 ಇನ್ನೊಬ್ಬರ 47 ಅಲ್ಲ.

ಇದರಿಂದ ಎರಡೂ ಕಡೆ ತಪ್ಪಾಗುತ್ತದೆ. ಸರಿಯಾದ ಪ್ರಶ್ನೆ ಅರ್ಧ ಫೋಟೊದಲ್ಲಿ ತಪ್ಪಾಗಿ ಕಾಣಬಹುದು. ತಪ್ಪು ಪ್ರಶ್ನೆ ಸರಿಯಾಗಿಯೂ ಕಾಣಬಹುದು. ಮೂಲಭೂತ ಹಕ್ಕಿನ ಉದಾಹರಣೆಯಲ್ಲಿ ಇಂಗ್ಲಿಷ್ ಅರ್ಧವನ್ನು ಮಾತ್ರ ಕಳಿಸಿದ್ದರೆ ಅಲ್ಲಿ ‘ಅಲ್ಲ’ ಇರುತ್ತಿತ್ತು, ಯಾರಿಗೂ ದೋಷ ಗೊತ್ತಾಗುತ್ತಲೇ ಇರಲಿಲ್ಲ. ಹಾಗಾಗಿ ಅಕ್ಷರ ಹೇಳುವ ಮೊದಲು ಕೇಳಬೇಕಾದ ಮೊದಲ ಮಾತು ‘ಪೂರ್ತಿ ಪುಟ ಕಳಿಸಪ್ಪಾ, ಎರಡೂ ಭಾಷೆ ಕಾಣಬೇಕು, ಸೀರೀಸ್ ಕಾಣಬೇಕು’ ಎಂಬುದು. ಇದಕ್ಕೆ ಹಿಡಿಯುವುದು ಒಂದು ನಿಮಿಷ. ಪತ್ರಿಕೋದ್ಯಮ ಓದಿದ ನಮಗೆ ಕ್ಲಾಸಿನಲ್ಲಿ ಮೊದಲು ಕಲಿಸಿದ್ದೂ ಇದೇ. ಅರ್ಧ ದಾಖಲೆ ನೋಡಿ ಪೂರ್ತಿ ಸುದ್ದಿ ಬರೆಯಬಾರದು ಎಂದು.

ಕಷ್ಟ ಬೇರೆ, ದೋಷ ಬೇರೆ

ಇಲ್ಲಿ ನಮ್ಮ ವಾದವನ್ನು ಇನ್ನೊಂದು ತುದಿಗೆ ಎಳೆಯುವವರೂ ಇದ್ದಾರೆ. ತಮಗೆ ಬರದ ಪ್ರಶ್ನೆಗಳೆಲ್ಲ ‘ತಪ್ಪು ಪ್ರಶ್ನೆ’ ಎಂದು ಕೂಗುವವರು. ಅವರಿಂದ ನಿಜವಾದ ಆಕ್ಷೇಪಣೆಗೂ ಬೆಲೆ ಹೋಗುತ್ತದೆ. ಹಾಗಾಗಿ ಎರಡನ್ನೂ ಬೇರೆ ಮಾಡುವ ಒಂದು ಒರೆಗಲ್ಲು ಬೇಕು. ನಾವು ಬಳಸುವುದು ಇದು: ಈ ವಿಷಯದ ಎಲ್ಲ ಸಂಗತಿಯೂ ಗೊತ್ತಿರುವ ಇಬ್ಬರನ್ನು ಕೂರಿಸಿದರೆ ಅವರು ಒಂದೇ ಉತ್ತರಕ್ಕೆ ಬರುತ್ತಾರೆಯೇ? ಬಂದರೆ ಪ್ರಶ್ನೆ ಕಷ್ಟದ್ದು, ನಮಗೆ ಗೊತ್ತಿರಲಿಲ್ಲ ಅಷ್ಟೆ. ಎಲ್ಲ ಗೊತ್ತಿದ್ದೂ ಅವರು ಬೇರೆಬೇರೆ ಉತ್ತರಕ್ಕೆ ಬಂದರೆ, ಅಥವಾ ಯಾವ ಆಯ್ಕೆಗೂ ಬರಲಾಗದಿದ್ದರೆ, ದೋಷ ಪ್ರಶ್ನೆಯಲ್ಲಿದೆ.

ಯಾವ ಆಯ್ಕೆಗೂ ಬರಲಾಗದ್ದು ಹೇಗಿರುತ್ತದೆ? ‘ಪಶ್ಚಿಮಕ್ಕೆ ಹರಿಯುವ ನದಿಗಳು ಯಾವುವು? 1. ಶರಾವತಿ 2. ಕಾಳಿ 3. ತುಂಗಭದ್ರಾ 4. ನೇತ್ರಾವತಿ’ ಎಂದು ಕೇಳಿ, ಆಯ್ಕೆಗಳಲ್ಲಿ ‘1 ಮತ್ತು 2 ಮಾತ್ರ’, ‘2, 3 ಮತ್ತು 4’, ‘1 ಮತ್ತು 3 ಮಾತ್ರ’, ‘3 ಮತ್ತು 4 ಮಾತ್ರ’ ಎಂದು ಕೊಟ್ಟಿದ್ದಾರೆ ಅಂದುಕೊಳ್ಳಿ. ಸರಿಯುತ್ತರ 1, 2 ಮತ್ತು 4. ಅದು ಆಯ್ಕೆಗಳಲ್ಲೇ ಇಲ್ಲ. ಪರೀಕ್ಷಾ ಕೊಠಡಿಯಲ್ಲಿ ತುಂಗಭದ್ರಾ ಇಲ್ಲದ ಆಯ್ಕೆ ಒಂದೇ ಎಂದು ‘ಎ’ ತುಂಬುವುದು ಜಾಣತನ. ಅಲ್ಲಿ ಸಮಯ ಓಡುತ್ತಿರುತ್ತದೆ, ಬೇರೆ ದಾರಿಯಿಲ್ಲ. ಆ ಎಲಿಮಿನೇಷನ್ ಕಲಿಸುವ ಮೇಷ್ಟ್ರುಗಳನ್ನು ನಾವು ದೂರುವುದಿಲ್ಲ. ಆದರೆ ಹೊರಗೆ ಬಂದ ಮೇಲೆ, ಕೈಯಲ್ಲಿ ಚಹಾ ಹಿಡಿದು ಫೋಟೊ ನೋಡುವವರಿಗೆ ಆ ಅವಸರ ಇಲ್ಲ. ‘ಮಾತ್ರ’ ಎಂಬ ಶಬ್ದ ಇರುವವರೆಗೆ ‘ಎ’ ತಪ್ಪು, ಯಾಕೆಂದರೆ ನೇತ್ರಾವತಿಯೂ ಪಶ್ಚಿಮಕ್ಕೇ ಹರಿಯುತ್ತದೆ. ಕೊಠಡಿಯೊಳಗಿನ ಜಾಣತನವನ್ನು ಹೊರಗೆ ಸತ್ಯ ಎಂದು ಮಾರಬಾರದು.

ಇನ್ನೊಂದು ಸುಳಿವು ಎಲ್ಲರ ಕಣ್ಣ ಮುಂದೆಯೇ ಇರುತ್ತದೆ, ಯಾರೂ ನೋಡುವುದಿಲ್ಲ. ಪರೀಕ್ಷೆಯ ಸಂಜೆ ನಾಲ್ಕು ಸೆಂಟರುಗಳ ಕೀಗಳನ್ನು ಪಕ್ಕಪಕ್ಕ ಇಡಿ. ಬಹುಪಾಲು ಪ್ರಶ್ನೆಗಳಲ್ಲಿ ಒಂದೇ ಅಕ್ಷರ ಇರುತ್ತದೆ, ಕೆಲವಲ್ಲಿ ಬೇರೆಬೇರೆ. ಹುಡುಗರು ‘ಯಾವ ಸರ್ ಕೀ ಸರಿ?’ ಎಂದು ಜಗಳವಾಡುತ್ತಾರೆ. ಕೇಳಬೇಕಾದ ಪ್ರಶ್ನೆ ಅದಲ್ಲ. ನಾಲ್ಕು ಬಲ್ಲವರು ಒಂದೇ ಪ್ರಶ್ನೆಯನ್ನು ನಾಲ್ಕು ದಿಕ್ಕಿಗೆ ರಿಪೇರಿ ಮಾಡಿದ್ದಾರೆ ಎಂದರೆ ಆ ಪ್ರಶ್ನೆಯನ್ನೇ ಮತ್ತೊಮ್ಮೆ ಓದಬೇಕು. ಅಲ್ಲಿ ದೋಷ ಇದ್ದೇ ಇರುತ್ತದೆ ಎಂದಲ್ಲ, ಒಬ್ಬರಿಗೆ ವಿಷಯ ಗೊತ್ತಿಲ್ಲದೆಯೂ ಇರಬಹುದು. ಆದರೆ ಹುಡುಕಾಟ ಶುರು ಮಾಡಬೇಕಾದ ಜಾಗ ಅದು.

‘ಹುಡುಗರಿಗೆ ಬೇಕಾಗಿರುವುದು ಅಕ್ಷರ’

ಇಷ್ಟು ಹೇಳಿದಾಗ ನಮಗೆ ಬರುವ ಉತ್ತರಗಳು ಎರಡು. ಮೊದಲನೆಯದು, ‘ಹುಡುಗರಿಗೆ ಬೇಕಾಗಿರುವುದು ಅಕ್ಷರ, ಪ್ರಬಂಧ ಅಲ್ಲ. ಕಟ್ ಆಫ್ ಲೆಕ್ಕ ಹಾಕಿ ಮುಖ್ಯ ಪರೀಕ್ಷೆಗೆ ಓದಬೇಕಾ ಬೇಡವಾ ಎಂದು ನಿರ್ಧರಿಸಬೇಕು’ ಎಂಬುದು. ಈ ಮಾತಿನಲ್ಲಿ ತೂಕವಿದೆ. ಹಂಪಿನಗರದ ಗ್ರಂಥಾಲಯದಲ್ಲಿ ಬೆಳಗಿನಿಂದ ಕೂತವರಿಗೆ, ಪಿಜಿ ಬಾಡಿಗೆಗೆ ಊರಿಂದ ದುಡ್ಡು ತರಿಸಿಕೊಳ್ಳುವವರಿಗೆ ಆ ನಿರ್ಧಾರ ದೊಡ್ಡದು. ಇನ್ನೂ ಮೂರು ತಿಂಗಳು ಇಲ್ಲೇ ಇರಬೇಕೋ, ರೂಮು ಖಾಲಿ ಮಾಡಿ ಊರಿಗೆ ಹೋಗಬೇಕೋ ಎಂಬ ನಿರ್ಧಾರ ಅದು. ಆದರೆ ಅದಕ್ಕೇ ನಾವು ಹೇಳುವುದು, ಅವರಿಗೆ ಸುಳ್ಳು ನಿಖರತೆ ಕೊಡಬೇಡಿ ಎಂದು. ಆರು ಪ್ರಶ್ನೆ ಅನುಮಾನದ್ದಾಗಿದ್ದರೆ, ‘ನಿನ್ನ ಅಂಕ 196’ ಎನ್ನುವುದಕ್ಕಿಂತ ‘ಈ ಆರು ನಿನ್ನ ಪರ ಬಂದರೆ 206ರವರೆಗೆ, ವಿರುದ್ಧ ಹೋದರೆ 191ರವರೆಗೆ’ ಎನ್ನುವುದು ಅವರ ನಿರ್ಧಾರಕ್ಕೆ ಹೆಚ್ಚು ಉಪಯೋಗ. ಒಂದು ಪ್ರಶ್ನೆಗೆ ಎರಡೂವರೆ ಅಂಕದಂತೆ ಆರಕ್ಕೆ ಹದಿನೈದು ಅಂಕದ ಅಂತರ. ಅದನ್ನು ಮುಚ್ಚಿಟ್ಟು ಒಂದೇ ಸಂಖ್ಯೆ ಹೇಳಿದವರನ್ನು ನಂಬಿ ಒಬ್ಬ ಹುಡುಗ ಗಂಟುಮೂಟೆ ಕಟ್ಟಿದರೆ ಜವಾಬ್ದಾರಿ ಯಾರದ್ದು?

ಎರಡನೆಯ ಉತ್ತರ, ‘ಅಂತಿಮ ಕೀ ಆಯೋಗದ್ದು, ನಾವು ದೋಷ ಎಂದರೆ ಏನು ಬಂತು?’ ಎಂಬುದು. ಇದಕ್ಕೆ ಕಾನೂನಿನ ಉತ್ತರವಿದೆ. 1983ರಲ್ಲಿ ಕಾನ್ಪುರ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಎರಡು ಮಾತು ಹೇಳಿತು. ಕೀ ಉತ್ತರ ತಪ್ಪೆಂದು ಸ್ಪಷ್ಟವಾಗಿ ಸಾಬೀತಾಗುವವರೆಗೆ ಅದು ಸರಿ ಎಂದೇ ಭಾವಿಸಬೇಕು. ಜೊತೆಗೆ, ಕೀ ಉತ್ತರದ ದೋಷವಾಗಲಿ ಪ್ರಶ್ನೆಯ ಅಸ್ಪಷ್ಟತೆಯಾಗಲಿ ಗಮನಕ್ಕೆ ತಂದರೆ, ವಿಶ್ವವಿದ್ಯಾಲಯ ತಡಮಾಡದೆ ಅಂಥ ಪ್ರಶ್ನೆಯನ್ನು ಪತ್ರಿಕೆಯಿಂದ ಹೊರಗಿಟ್ಟು, ಅದಕ್ಕೆ ಅಂಕ ನಿಗದಿ ಮಾಡದಿರುವ ನಿರ್ಧಾರ ತೆಗೆದುಕೊಳ್ಳಬೇಕು. 2017ರ ರಣವಿಜಯ್ ಸಿಂಗ್ ಪ್ರಕರಣದಲ್ಲಿ ಅದೇ ಕೋರ್ಟು ಇನ್ನೂ ಬಿಗಿ ಮಾಡಿತು. ಅನುಮಾನವಿದ್ದರೆ ಅದರ ಲಾಭ ಪರೀಕ್ಷೆ ನಡೆಸಿದವರಿಗೇ ಹೋಗಬೇಕು, ಅಭ್ಯರ್ಥಿಗಲ್ಲ ಎಂದಿತು.

ಈ ಎರಡನ್ನೂ ಸೇರಿಸಿ ಓದಿ. ಕೋರ್ಟಿನ ಬಾಗಿಲು ಬಹಳ ಕಿರಿದು. ಅಲ್ಲಿಗೆ ಹೋದ ಮೇಲೆ ಅನುಮಾನ ನಿಮ್ಮ ವಿರುದ್ಧವೇ ಕೆಲಸ ಮಾಡುತ್ತದೆ. ಹಾಗಾದರೆ ಅಭ್ಯರ್ಥಿಗೆ ನಿಜವಾಗಿ ತೆರೆದಿರುವ ಬಾಗಿಲು ಒಂದೇ, ತಾತ್ಕಾಲಿಕ ಕೀ ಬಂದ ಮೇಲೆ ಆಕ್ಷೇಪಣೆಗೆ ಕೊಡುವ ಆ ಕೆಲವು ದಿನ. ಅದು ಉಚಿತವೂ ಅಲ್ಲ ಎಲ್ಲ ಕಡೆ. ನೀಟ್‌ನಲ್ಲಿ ಒಂದು ಪ್ರಶ್ನೆಯನ್ನು ಪ್ರಶ್ನಿಸಲು 200 ರೂಪಾಯಿ ಕಟ್ಟಬೇಕು. ಆ ದಿನಗಳಲ್ಲಿ ಯಾವ ಪ್ರಶ್ನೆಗೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ ಎಂದು ಹುಡುಗರಿಗೆ ಹೇಳಬೇಕಾದವರೇ ‘ಬಿ ಫಿಕ್ಸ್’ ಎಂದು ಬಾಗಿಲು ಮುಚ್ಚಿ ಬಂದರೆ, ಮತ್ತೆ ತೆರೆಯುವವರು ಯಾರು? 2024ರ ಸಿಇಟಿಯಲ್ಲಿ ಪಠ್ಯದ ಹೊರಗಿನ ಪ್ರಶ್ನೆಗಳು ಬಂದಾಗ ಉಪನ್ಯಾಸಕರು, ಪೋಷಕರು, ಮಕ್ಕಳು ಒಂದೊಂದನ್ನೂ ಪಟ್ಟಿ ಮಾಡಿ ತೋರಿಸಿದರು. ಕೊನೆಗೆ ಸುಮಾರು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಲಾಯಿತು. ಆ ಪ್ರಶ್ನೆಗಳಿಗೂ ಅಕ್ಷರಗಳಿದ್ದವು. ಅಕ್ಷರ ಹೇಳಿ ಸುಮ್ಮನಾಗದವರಿಂದ ಆ ಕೆಲಸವಾಯಿತು.

ಹೇಗೆ ಹೇಳಬೇಕು

‘ಪ್ರಶ್ನೆ ತಪ್ಪು’ ಎಂದು ಎರಡು ಶಬ್ದ ಹೇಳಿ ಕೈತೊಳೆದುಕೊಳ್ಳುವುದೂ ಸಾಲದು. ಆಕ್ಷೇಪಣೆಗೆ ಅದರಿಂದ ಏನೂ ಸಿಗುವುದಿಲ್ಲ. ಹೇಳಬೇಕಾದದ್ದು ನಾಲ್ಕು ಸಂಗತಿ: ದೋಷ ಎಲ್ಲಿದೆ, ಯಾವ ಓದಿಗೆ ಯಾವ ಉತ್ತರ ಬರುತ್ತದೆ, ಅದಕ್ಕೆ ಆಧಾರ ಏನು, ಆಯೋಗ ಯಾವುದನ್ನು ಕೀ ಮಾಡಬಹುದು ಎಂಬ ಊಹೆ. ಕೊನೆಯದನ್ನು ಊಹೆ ಎಂದೇ ಹೆಸರಿಸಿ ಹೇಳಬೇಕು. ಕರ್ನಾಟಕ ರಾಜ್ಯದ ಪ್ರಶ್ನೆಗೆ ಉತ್ತರ ಹೀಗಿರಬಹುದು:

‘ಇದಕ್ಕೆ ಒಂದೇ ಉತ್ತರ ಹೇಳಲು ಬರುವುದಿಲ್ಲ. ಏಕೀಕೃತ ರಾಜ್ಯ ಎಂದು ಓದಿದರೆ 1956, ಕರ್ನಾಟಕ ಎಂಬ ಹೆಸರಿನ ರಾಜ್ಯ ಎಂದು ಓದಿದರೆ 1973. ಮೊದಲನೆಯದಕ್ಕೆ ಆಧಾರ 1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆ, ಎರಡನೆಯದಕ್ಕೆ 1973ರ ಹೆಸರು ಬದಲಾವಣೆಯ ಕಾಯಿದೆ. ಕೀ 1956 ಬರಬಹುದು ಎಂಬುದು ನನ್ನ ಊಹೆ. 1973 ತುಂಬಿದವರು ಆಕ್ಷೇಪಣೆ ಸಲ್ಲಿಸಿ.’

ಐದು ವಾಕ್ಯ. ಇದನ್ನು ಪ್ರಬಂಧ ಎಂದು ಯಾರೂ ಅನ್ನಲಾರರು. ಇದನ್ನೇ ಕಾಪಿ ಮಾಡಿ, ಪ್ರಶ್ನೆ ಸಂಖ್ಯೆ, ಸೀರೀಸ್ ಮತ್ತು ಪಠ್ಯಪುಸ್ತಕದ ಪುಟದ ಚಿತ್ರ ಸೇರಿಸಿದರೆ ಅದೇ ಆಕ್ಷೇಪಣೆ ಆಗುತ್ತದೆ. ಗೈಡಿನ ಪುಟ ಆಧಾರವಾಗುವುದಿಲ್ಲ ಎಂಬುದು ನೆನಪಿರಲಿ. ಸರ್ಕಾರಿ ಪಠ್ಯಪುಸ್ತಕ, ಕಾಯಿದೆಯ ಮೂಲ, ಗೆಜೆಟ್ ಇಂಥವು ನಿಲ್ಲುತ್ತವೆ.

ಕೇಳುವ ಪರಿಹಾರವೂ ಸ್ಪಷ್ಟವಾಗಿರಬೇಕು, ಯಾಕೆಂದರೆ ಪರಿಹಾರಗಳ ಪರಿಣಾಮ ಬೇರೆಬೇರೆ. ಎರಡು ಉತ್ತರವನ್ನೂ ಒಪ್ಪಿದರೆ ಆ ಎರಡರಲ್ಲಿ ಒಂದು ತುಂಬಿದವರಿಗೆ ಅಂಕ ಬರುತ್ತದೆ, ಬಿಟ್ಟುಬಂದವರಿಗಿಲ್ಲ. ಪ್ರಶ್ನೆ ರದ್ದು ಮಾಡಿ ಎಲ್ಲರಿಗೂ ಅಂಕ ಕೊಟ್ಟರೆ, ಅದರ ಮೇಲೆ ಐದು ನಿಮಿಷ ಕಳೆದವರಿಗೂ ಮುಟ್ಟದವರಿಗೂ ಒಂದೇ ಫಲ. ಪ್ರಶ್ನೆಯನ್ನೇ ಲೆಕ್ಕದಿಂದ ತೆಗೆದರೆ ಸರಿಯಾಗಿ ಊಹಿಸಿದವರಿಗೆ ಬಂದಿದ್ದ ಅಂಕವೂ ಹೋಗುತ್ತದೆ. ಎರಡು ಅರ್ಥವಿರುವ ಪ್ರಶ್ನೆಗೆ ಮೊದಲನೆಯದು ನ್ಯಾಯ. ‘ಅಲ್ಲ’ ಬಿಟ್ಟುಹೋದ ಪ್ರಶ್ನೆಗೆ, ಆಯ್ಕೆಯಲ್ಲಿ ಉತ್ತರವೇ ಇಲ್ಲದ ಪ್ರಶ್ನೆಗೆ ರದ್ದತಿಯೇ ದಾರಿ. ಕನ್ನಡ ಮತ್ತು ಇಂಗ್ಲಿಷ್ ಬೇರೆಬೇರೆ ಕೇಳಿದಾಗ ‘ಇಂಗ್ಲಿಷೇ ಅಂತಿಮ’ ಎಂಬ ಉತ್ತರ ಬರುತ್ತದೆ. ನೀಟ್‌ನಲ್ಲಿ ಆ ನಿಯಮ ಅಚ್ಚಾಗಿಯೇ ಇದೆ. ಕನ್ನಡದಲ್ಲಿ ಬರೆಯಲು ಅವಕಾಶ ಕೊಟ್ಟು, ಕನ್ನಡ ನಂಬಿದವರಿಗೆ ದಂಡ ಹಾಕುವ ನಿಯಮ ಅದು. ಅದರ ವಿರುದ್ಧದ ಜಗಳ ಬೇರೆಯೇ ನಡೆಯಬೇಕು. ಆದರೆ ಆ ಜಗಳಕ್ಕೆ ಬೇಕಾದ ಸಾಕ್ಷ್ಯವೂ ಇದೇ ಫೋಟೊಗಳಲ್ಲಿದೆ, ಎರಡೂ ಭಾಷೆ ಕಾಣುವಂತೆ ತೆಗೆದಿದ್ದರೆ.

ಮುಂದಿನ ವರ್ಷದ ಪುಸ್ತಕ

ಒಂದು ಮಾತು ಉಳಿದಿದೆ. ಅಂಟಿಸಿದ ಅಕ್ಷರ ಆ ಪರೀಕ್ಷೆಯೊಂದಿಗೆ ಸಾಯುವುದಿಲ್ಲ. ಎರಡು ತಿಂಗಳಲ್ಲಿ ಅದು ‘ಹಿಂದಿನ ಪ್ರಶ್ನೆಪತ್ರಿಕೆಗಳು’ ಪುಸ್ತಕಕ್ಕೆ ಸೇರುತ್ತದೆ, ವಿಜಯನಗರದ ಜೆರಾಕ್ಸ್ ಅಂಗಡಿಗಳಲ್ಲಿ ಸ್ಪೈರಲ್ ಬೈಂಡ್ ಆಗುತ್ತದೆ. ಬಸವೇಶ್ವರನಗರದ ಪಿಜಿಯಲ್ಲೋ ಕೆಂಗೇರಿಯ ಹಾಸ್ಟೆಲಿನಲ್ಲೋ ಕೂತ ಮುಂದಿನ ಬ್ಯಾಚಿನ ಹುಡುಗ ಅದನ್ನು ಬಾಯಿಪಾಠ ಮಾಡುತ್ತಾನೆ. ಅಲ್ಲಿ ದೋಷದ ಗುರುತೇ ಇರುವುದಿಲ್ಲ, ಅಕ್ಷರ ಮಾತ್ರ ಇರುತ್ತದೆ. ಮುಂದೆ ಪ್ರಶ್ನೆ ತಯಾರಿಸುವವರ ಕೈಗೂ ಅದೇ ಪುಸ್ತಕ ಸಿಕ್ಕರೆ ತಪ್ಪು ಪ್ರಶ್ನೆ ಮತ್ತೆ ಹುಟ್ಟುತ್ತದೆ, ಈ ಸಲ ‘ಹಿಂದೆಯೂ ಕೇಳಿದ್ದರು’ ಎಂಬ ಆಧಾರದ ಸಮೇತ.

ಕೀ ಉತ್ತರ ಬಿಡುವ ಎಲ್ಲರಿಗೂ ನಮ್ಮ ಬೇಡಿಕೆ ಚಿಕ್ಕದು. ಮುಂದಿನ ಪರೀಕ್ಷೆಯ ಸಂಜೆ ನಿಮ್ಮ ಕೀ ಪಟ್ಟಿಯ ಕೆಳಗೆ ಇನ್ನೊಂದು ಪಟ್ಟಿ ಹಾಕಿ: ‘ಈ ಪ್ರಶ್ನೆಗಳಲ್ಲಿ ದೋಷವಿದೆ’ ಎಂದು, ಪ್ರಶ್ನೆ ಸಂಖ್ಯೆ ಮತ್ತು ಕಾರಣದ ಸಮೇತ. ಪಟ್ಟಿ ಖಾಲಿಯಿದ್ದರೆ ಖಾಲಿ ಎಂದೇ ಬರೆಯಿರಿ, ಹುಡುಕಿದ್ದೀರಿ ಎಂದಾದರೂ ಗೊತ್ತಾಗುತ್ತದೆ. ಹುಡುಗರಿಗೂ ಒಂದು ಮಾತು. ‘47ಕ್ಕೆ ಏನು ಸರ್?’ ಎಂದು ಕೇಳುವಾಗ ಜೊತೆಗೆ ‘ಪ್ರಶ್ನೆ ಸರಿ ಇದೆಯಾ ಸರ್?’ ಎಂದೂ ಕೇಳಿ. ಆ ಎರಡನೇ ಪ್ರಶ್ನೆಗೆ ಸಿಟ್ಟಾಗುವ ಮೇಷ್ಟ್ರ ಬ್ಯಾಚಿಗೆ ಫೀಸು ಕಟ್ಟುವ ಮೊದಲು ಇನ್ನೊಮ್ಮೆ ಯೋಚಿಸಿ.